ಒಂದು ಅಡಿ ಒಡೆದು ನೋಡಿ ಬಾತ್‌ರೂಮಿಗೆ ರೇಟು ಹೇಳಿದ್ದು

ಹಳೇ ಬಾತ್‌ರೂಮಿಗೆ ಎಸ್ಟಿಮೇಟ್ ಕೊಡುವ ಮೊದಲೇ ನೆಲ ಒಡೆದು ನೋಡಬೇಕು ಅಂತ ನಾನು ಶುರು ಮಾಡಿದಾಗ, ಮೈಸೂರಿನ ನಮ್ಮ ಟೀ ಅಂಗಡಿ ಗುಂಪಿನಲ್ಲಿ ನಗದವರೇ ಇಲ್ಲ. 'ಕೆಲಸ ಒಪ್ಪಿಕೊಳ್ಳೋಕೆ ಮುಂಚೆ ಮನೆ ಒಡೆಯೋಕೆ ಯಾವ ಓನರ್ ಬಿಡ್ತಾನೋ?' ಅಂದರು. ಅದಕ್ಕೆ ಎರಡೂವರೆ ಸಾವಿರ ಫೀಸೂ ತಗೊಳ್ತೀನಿ ಅಂದಾಗ ಇನ್ನೂ ಜೋರಾಗಿ ನಕ್ಕರು. ಈಗ ಎರಡು ವರ್ಷದಲ್ಲಿ ಹದಿನಾಲ್ಕೋ ಹದಿನೈದೋ ಬಾತ್‌ರೂಮ್ ಹೀಗೇ ಮುಗಿಸಿದ್ದೀನಿ. ಕೈಯಿಂದ ಹಾಕಿದ್ದು ಒಂದರಲ್ಲಿ ಮಾತ್ರ, ಅದೂ ನನ್ನದೇ ತಪ್ಪಿಗೆ.

ಈ ಬುದ್ಧಿ ಬಂದದ್ದು ದುಡ್ಡು ಕಳೆದುಕೊಂಡ ಮೇಲೆ. ಒಂದು ಮೊದಲನೇ ಮಹಡಿ ಮನೆ, 5 ಅಡಿಗೆ 7 ಅಡಿ ಬಾತ್‌ರೂಮ್. ಎಲ್ಲರ ಹಾಗೆ ನಾನೂ ಟೇಪ್ ಹಿಡಿದು, ಚದರಡಿ ಲೆಕ್ಕ ಹಾಕಿ, ಮೇಲೆ ಶೇಕಡಾ 10 ಇಟ್ಟು 1 ಲಕ್ಷ 10 ಸಾವಿರಕ್ಕೆ ಒಪ್ಪಿಕೊಂಡೆ. ನೆಲ ತೆಗೆದರೆ ಸಂಕನ್, ಅಂದರೆ ಪೈಪು ಹಾಯಲು ಸ್ಲ್ಯಾಬ್ ತಗ್ಗಿಸಿ ಬಿಟ್ಟ ಗುಂಡಿ, ಅದರೊಳಗೆ ತುಂಬಿದ್ದ ಇಟ್ಟಿಗೆ ಚೂರೆಲ್ಲ ನೀರು ಕುಡಿದು ಗಬ್ಬು ನಾರುತ್ತಿತ್ತು. ಗೋಡೆಯೊಳಗಿನ ಜಿಐ ಅನ್ನೋ ಕಬ್ಬಿಣದ ನೀರಿನ ಪೈಪು ರೆಂಚ್ ಹಾಕಿದ ಕಡೆಯೆಲ್ಲ ಪುಡಿಯಾಯಿತು. ನಾನು ಆಗಲೇ 9 ಇಂಚಿನ ಎಸ್-ಟ್ರ್ಯಾಪ್ ಕಮೋಡ್, ಅಂದರೆ ಗೋಡೆಯಿಂದ 9 ಇಂಚಿಗೆ ನೆಲದ ಪೈಪಿನ ಮೇಲೆ ಕೂರುವಂಥದ್ದು, ತಂದಿಟ್ಟಿದ್ದೆ. ಹಳೇ ಪೈಪು ಗೋಡೆಯಿಂದ 7 ಇಂಚಿಗೇ ಇತ್ತು, ಕಮೋಡ್ ಕೂರಲೇ ಇಲ್ಲ. ಹೆಚ್ಚಿಗೆ ಕೇಳಿದ್ದಕ್ಕೆ ಓನರ್, 'ಎಸ್ಟಿಮೇಟ್ ಕೊಟ್ಟೋರು ನೀವೇ ತಾನೆ?' ಅಂದರು. ಅವರ ಮಾತು ಸರಿಯೇ. ಹೆಚ್ಚುಕಮ್ಮಿ 38 ಸಾವಿರ ನನ್ನ ಜೇಬಿನಿಂದ ಹೋಯಿತು.

ಆಮೇಲೆ ಕೂತು ಯೋಚಿಸಿದರೆ, ಟೈಲು, ನಲ್ಲಿ, ಕೂಲಿ ಯಾವುದರಲ್ಲೂ ನಾನು ಅಷ್ಟು ತಪ್ಪಿರಲಿಲ್ಲ. ತಪ್ಪಿದ್ದು ಆ 'ಮೇಲೆ ಶೇಕಡಾ 10' ಅನ್ನೋದರಲ್ಲಿ. ಸಂಕನ್ ಒಣಗಿದ್ದರೆ ಆ 10 ಜಾಸ್ತಿ, ನೆನೆದಿದ್ದರೆ ಯಾವ ಮೂಲೆಗೂ ಸಾಲದು. ಶೇಕಡಾ ಲೆಕ್ಕದಲ್ಲಿ ಊಹಿಸುವ ಬದಲು ನೋಡಿಯೇ ಬಿಡೋಣ ಅನ್ನಿಸಿತು.

ಪದ್ಧತಿ ಮೊದಲ ಸಲ ಪೂರ್ತಿ ಕೈ ಹಿಡಿದದ್ದು ಕುವೆಂಪುನಗರದ ಕಡೆ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಯಲ್ಲಿ. ಮೊದಲನೇ ಮಹಡಿ, ಇಂಡಿಯನ್ ಪ್ಯಾನ್ ಇದ್ದ ಬಾತ್‌ರೂಮ್. ಅದನ್ನು ತೆಗೆದು ಕಮೋಡ್ ಬೇಕು. ಒಳಅಳತೆ 8 ಅಡಿ 2 ಇಂಚು ಉದ್ದ, 4 ಅಡಿ 3 ಇಂಚು ಅಗಲ. ನಾನು ಹೋದವನೇ ಮೊದಲು ಕೆಳಗಿನ ಮನೆಗೆ ಇಳಿದೆ. ಸೀಲಿಂಗಿನಲ್ಲಿ ಕಲೆ ಇತ್ತು, ಆದರೆ ಬಣ್ಣ ಹೊಡೆದು ಮುಚ್ಚಿದ್ದರು. ಬಾಡಿಗೆಯ ಅಮ್ಮನವರನ್ನು ಕೇಳಿದೆ. 'ಮಳೆಗಾಲದಲ್ಲಿ ಮಾತ್ರ ಅಲ್ಲಪ್ಪ, ವರ್ಷವಿಡೀ ಹಾಗೇ' ಅಂದರು. ಮಳೆಗಾಲಕ್ಕೆ ಮಾತ್ರ ಬರುವ ಕಲೆಯಾದರೆ ಹೊರಗೋಡೆ ಮೇಲೆ ಅನುಮಾನ, ವರ್ಷವಿಡೀ ಇದ್ದರೆ ಬಾತ್‌ರೂಮ್ ಮೇಲೆ. ಆಮೇಲೆ ಮೇಲೆ ಬಂದು ಒಂದು ಆಂಗಲ್ ಕಾಕ್ ಬಿಚ್ಚಿದೆ. ಒಳಗೆ ಕೆಂಪು ತುಕ್ಕು, ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ಹೋಗುವಷ್ಟು ತೂತು ಮಾತ್ರ ಉಳಿದಿತ್ತು.

ಕೊನೆಗೆ ನೆಲದ ನೀರು ಹೋಗುವ ನಹಾನಿ ಟ್ರ್ಯಾಪಿನ ಪಕ್ಕ ಒಂದು ಚದರಡಿ ಒಡೆದು ಸ್ಲ್ಯಾಬ್ ಸಿಗುವವರೆಗೂ ಇಳಿದೆ. ಜಾಗ ಇದೇ ಆಗಬೇಕು, ಯಾಕೆಂದರೆ ಇಡೀ ನೆಲದ ನೀರು ಹರಿದು ಬರುವುದು ಇಲ್ಲಿಗೆ, ಟ್ರ್ಯಾಪಿನ ಸುತ್ತಲಿನ ಜಾಯಿಂಟು ಬಿಡುವುದೂ ಸಾಮಾನ್ಯವಾಗಿ ಇಲ್ಲೇ. ಬಾಗಿಲ ಹತ್ತಿರ ತೂತು ಮಾಡಿ ಒಣಗಿದೆ ಅಂತ ನಂಬಿದರೆ ಕೆಟ್ಟಿರಿ. ಈ ಪದ್ಧತಿ ಶುರು ಮಾಡಿದ ಮೇಲೂ ನಾನು ದುಡ್ಡು ಕಳೆದ ಆ ಒಂದು ಕೇಸು ಅದೇ. ಇಲ್ಲಿ ಮೇಷ್ಟ್ರ ಮನೆಯಲ್ಲಿ 10 ಇಂಚು ಆಳದ ಸಂಕನ್, ಕೊನೆಯ ನಾಲ್ಕು ಇಂಚಿನಲ್ಲಿ ನೀರು ನಿಂತಿತ್ತು. ತೂತಿನ ಮೇಲೆ ತಗಡು ಮುಚ್ಚಿ ಸಿಮೆಂಟ್ ಬಳಿದು ಬಂದೆ. ಅವರ ಸ್ನಾನಕ್ಕೇನೂ ತೊಂದರೆ ಆಗಲಿಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದ್ದೂ ಉಂಟು. ಒಡೆಯದೇ ಗೊತ್ತಾಗಲಿ ಅಂತ ಸಾವಿರದೈನೂರು ಕೊಟ್ಟು ತೇವ ಅಳೆಯುವ ಮೀಟರ್ ತರಿಸಿದೆ. ಟೈಲ್ ಮೇಲೆ ಅದು ಏನೂ ಹೇಳಲಿಲ್ಲ, ಕಬ್ಬಿಣದ ಪೈಪಿನ ಹತ್ತಿರ ಹಿಡಿದರೆ ಎಲ್ಲವೂ ಒದ್ದೆ ಅಂತ ಕಿರುಚಿತು. ಈಗ ಅದು ಮಗನ ಆಟಿಕೆ. ಬಟ್ಟೆಗೆ ಹಾಕುವ ನೀಲಿ ಕಲಸಿ ಟ್ರ್ಯಾಪಿಗೆ ಸುರಿದೆ, ಕೆಳಗೆ ಮೂರು ದಿನವಾದರೂ ನೀಲಿ ಕಾಣಲಿಲ್ಲ. ಇಟ್ಟಿಗೆ ಚೂರೇ ಬಣ್ಣ ಹೀರಿಕೊಂಡಿತ್ತು. ಕೈ ಹಿಡಿದದ್ದು ಒಂದೇ. ತೂತಿನಿಂದ ತೆಗೆದ ಚೂರು 1 ಕೆಜಿ ದಿನಸಿ ಅಂಗಡಿಯಲ್ಲಿ ತೂಗಿಸಿ, ಎರಡು ದಿನ ಬಿಸಿಲಿಗೆ ಹಾಕಿ ಮತ್ತೆ ತೂಗಿಸಿದೆ. 830 ಗ್ರಾಮಿನ ಹತ್ತಿರಕ್ಕೆ ಇಳಿಯಿತು. ಒಣ ಸಂಕನ್ನಿನ ಚೂರಾದರೆ 30-40 ಗ್ರಾಮ್ ಮಾತ್ರ ಇಳಿಯುತ್ತೆ. ಓನರಿಗೆ ಬಾಯಲ್ಲಿ ಹೇಳುವುದಕ್ಕಿಂತ ಈ ತಕ್ಕಡಿ ಲೆಕ್ಕ ತೋರಿಸಿದರೆ ಬೇಗ ಅರ್ಥವಾಗುತ್ತೆ. ಮೇಷ್ಟ್ರಂತೂ ಪುಸ್ತಕದಲ್ಲಿ ಬರೆದುಕೊಂಡರು.

ಟೈಲಿಗೆ ಬರೋಣ. ಚದರಡಿ ಲೆಕ್ಕ ನಾನು ಬಿಟ್ಟುಬಿಟ್ಟಿದ್ದೀನಿ, ಸಾಲಿನ ಲೆಕ್ಕ ಹಾಕ್ತೀನಿ. ಈ ಬಾತ್‌ರೂಮಿಗೆ ಬಾಗಿಲು ಕಳೆದು 7 ಅಡಿ ಎತ್ತರಕ್ಕೆ 156 ಚದರಡಿ ಗೋಡೆ. ವೇಸ್ಟೇಜ್ ಶೇಕಡಾ 10 ಸೇರಿಸಿದರೆ 172, ಅಂದರೆ 300×600 ಟೈಲಿನ ಐದರ ಬಾಕ್ಸು 18. ಅಂಗಡಿಯವನೂ ಅಷ್ಟೇ ಹೇಳಿದ. ಈಗ ಸಾಲು ಎಣಿಸಿ ನೋಡಿ. 8 ಅಡಿ 2 ಇಂಚು ಅಂದರೆ 2489 ಮಿಲಿಮೀಟರ್. ನಾಲ್ಕು ಟೈಲಿಗೆ 2400 ಮುಗಿಯಿತು, ಉಳಿದ ಮೂರೂವರೆ ಇಂಚಿಗೆ ಐದನೇ ಟೈಲು. ಅಗಲದ ಗೋಡೆಗೂ ಇದೇ ಪಾಡು, ಎರಡು ಟೈಲು ಆದ ಮೇಲೆ ಪಟ್ಟಿಯಷ್ಟು ಜಾಗಕ್ಕೆ ಮೂರನೆಯದು. ಸಾದಾ ಟೈಲಾದರೆ ಒಂದೇ ಟೈಲಿನಲ್ಲಿ ನಾಲ್ಕು ಪಟ್ಟಿ ಕತ್ತರಿಸಬಹುದು. ಮೇಷ್ಟ್ರ ಮನೆಯವರು ಆರಿಸಿದ್ದು ಮಾರ್ಬಲ್ ಗೆರೆಯ ಟೈಲು, ಗೆರೆ ಕೂಡಬೇಕು ಅಂದರು. ಆಗ ಕತ್ತರಿಸಿದ ಚೂರು ಬೇರೆ ಕಡೆ ಬರೋಲ್ಲ. ನಾಲ್ಕು ಗೋಡೆ ಸೇರಿ ಸಾಲಿಗೆ 16, ಏಳು ಸಾಲಿಗೆ 112, ಬಾಗಿಲಿಗೆ 14 ಕಳೆದರೆ 98, ಒಡೆಯುವುದಕ್ಕೆ ನಾಲ್ಕು. 21 ಬಾಕ್ಸು ತಂದೆ. ಮೂರು ಬಾಕ್ಸಿನ ದುಡ್ಡು ಬರೀ ಒಂದೂವರೆ ಸಾವಿರ ಅನ್ನಬೇಡಿ. ಕೊನೆಯಲ್ಲಿ ಮೂರು ಬಾಕ್ಸು ಕಮ್ಮಿ ಬಿದ್ದು, ಹೋದರೆ ಅದೇ ಬ್ಯಾಚು ಸಿಗದೆ, ಶೇಡು ಬೇರೆ ಬಂದರೆ ಒಂದಿಡೀ ಗೋಡೆ ಕಿತ್ತು ಹಾಕಬೇಕು. ನನಗೆ ಹಾಗೂ ಆಗಿದೆ.

ಪಟ್ಟಿ ಮೂಲೆಯಲ್ಲಿ ಕಾಣದ ಹಾಗೆ ಎಲ್ಲಿಂದ ಟೈಲು ಶುರು ಮಾಡಬೇಕು ಅನ್ನೋದಕ್ಕೆ ನನ್ನದೊಂದು ಗುರುತಿದೆ. ಅದು ನನ್ನ ಮೇಸ್ತ್ರಿಗೂ ನನಗೂ ಮಾತ್ರ ಗೊತ್ತು, ಅಲ್ಲೇ ಇರಲಿ.

ವಾಟರ್‌ಪ್ರೂಫಿಂಗಿಗೆ ಹೆಚ್ಚು ಹೇಳೋದಿಲ್ಲ, ಎಲ್ಲರೂ ಮಾಡೋದೇ. ಆದರೆ ಬಹಳ ಜನ ನೆಲದ 35 ಚದರಡಿಗೆ ಮಾತ್ರ ರೇಟು ಹಾಕ್ತಾರೆ. ಸಂಕನ್ನಿನ ತಳ, ಅದರ ನಾಲ್ಕು ಬದಿ, ನೆಲದಿಂದ ಮೇಲೆ ಒಂದಡಿ ಗೋಡೆ, ಶವರ್ ಇರುವ ಮೂಲೆಯಲ್ಲಿ ಆರು ಅಡಿ ಎತ್ತರ, ಆಮೇಲೆ ತುಂಬಿ ಕಾಂಕ್ರೀಟ್ ಹಾಕಿದ ಮೇಲೆ ಮತ್ತೊಂದು ಸಲ ನೆಲ. ಎಲ್ಲ ಕೂಡಿದರೆ ನೆಲದ ನಾಲ್ಕು ಪಟ್ಟು ದಾಟುತ್ತೆ. ತಳದ ಕೋಟಿಂಗ್ ಒಣಗಿದ ಮೇಲೆ 48 ಗಂಟೆ ನೀರು ಕಟ್ಟಿ ನಿಲ್ಲಿಸ್ತೀನಿ. ಆ ಎರಡು ದಿನ ಗಾರೆಯವರಿಗೆ ಬೇರೆ ಕೆಲಸ ಇಲ್ಲದಿದ್ದರೆ ಅವರ ಕೂಲಿಯೂ ನಿಮ್ಮ ತಲೆ ಮೇಲೇ. ಇದನ್ನು ಎಸ್ಟಿಮೇಟಿನಲ್ಲಿ ಬರೆದವರನ್ನು ನಾನು ಕಂಡಿಲ್ಲ.

ಕಮೋಡಿನ ವಿಷಯದಲ್ಲಿ ಸಂಕನ್ ನೆನೆದಿದ್ದೇ ಒಳ್ಳೆಯದಾಯಿತು. ಹೇಗೂ ಎಲ್ಲ ತೆಗೆಯಲೇಬೇಕಿತ್ತು. ಇಂಡಿಯನ್ ಪ್ಯಾನಿನ ಹಳೇ ಟ್ರ್ಯಾಪ್ ಕಿತ್ತು, ಟೈಲು ಕೂತ ಮೇಲಿನ ಗೋಡೆಯಿಂದ ಸರಿಯಾಗಿ 9 ಇಂಚಿಗೆ ಪೈಪು ಇಟ್ಟೆವು. ಬರೀ ಗೋಡೆಯಿಂದ ಅಳೆದರೆ ಗಾರೆ, ಗಮ್, ಟೈಲು ಸೇರಿ ಒಂದಿಂಚು ತಿಂದುಬಿಡುತ್ತೆ. ನಮ್ಮ ಪ್ಲಂಬರ್ ಹುಡುಗ ಅದನ್ನೇ ಮಾಡಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ.

ಈಗ ದುಡ್ಡು, ನೆನಪಿನಿಂದ ಹೇಳ್ತೀನಿ. ಕಣ್ಣಿಗೆ ಕಾಣುವ ಕೆಲಸವೆಲ್ಲ ಸೇರಿ 1 ಲಕ್ಷ 29 ಸಾವಿರ. ಅದರಲ್ಲಿ ಕಮೋಡ್, ಬೇಸಿನ್, ಡೈವರ್ಟರ್, ನಲ್ಲಿಗಳಿಗೆ 34 ಸಾವಿರ, ಪ್ಲಂಬಿಂಗ್ ಕೂಲಿ ಮತ್ತು ಪೈಪಿಗೆ 23, ಟೈಲು ಗಮ್ ಗ್ರೌಟಿಗೆ 18 ಚಿಲ್ಲರೆ, ಟೈಲು ಕೂರಿಸುವ ಮತ್ತು ಗಾರೆ ಕೂಲಿ 15, ವಾಟರ್‌ಪ್ರೂಫಿಂಗ್ 12. ಮಿಕ್ಕದ್ದು ಒಡೆಯೋದು, ಸಿಮೆಂಟು ಮರಳು, ಬಾಗಿಲು, ವೈರಿಂಗ್. ತೂತಿನಲ್ಲಿ ಕಂಡದ್ದಕ್ಕೆ ಬೇರೆ ಹಾಳೆ. ನೆನೆದ ಚೂರು ಹೊತ್ತು ಇಳಿಸೋದು, ಒಂದು ಟೆಂಪೊ ಲೋಡು ಹೆಚ್ಚು, ಹಗುರ ಬ್ಲಾಕಿನ ಚೂರು ತುಂಬೋದು ಸೇರಿ 15 ಸಾವಿರ. ಟ್ಯಾಂಕಿನಿಂದ ಇಳಿಯುವ ಜಿಐ ಲೈನ್ ಬದಲಿಸಲು ಆರೂವರೆ. ಇದರ ಮೇಲೆ ನನ್ನ ಲಾಭ ಶೇಕಡಾ 12, ಮುಚ್ಚುಮರೆ ಇಲ್ಲದೆ ಬರೆದೆ. ಕೊನೆಗೆ 'ಕಾಣದ್ದಕ್ಕೆ' ಅಂತ ಒಂದು ಸಾಲು, 10 ಸಾವಿರದ ಐನೂರು, ಖರ್ಚಾಗದಿದ್ದರೆ ವಾಪಸ್. ಒಟ್ಟು 1 ಲಕ್ಷ 79 ಸಾವಿರದ ಹತ್ತಿರ.

ಅದೇ ವೇಳೆಗೆ ಇನ್ನೊಬ್ಬರು 1 ಲಕ್ಷ 40ಕ್ಕೆ ಕೊಟ್ಟಿದ್ದರು. ಮೇಷ್ಟ್ರು ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು, 'ಇದರಲ್ಲಿ ನೆಲದೊಳಗಿನ ನೀರು ಎಲ್ಲಿದೆ?' ಅಂತ ಅವರನ್ನು ಕೇಳಿದರಂತೆ. ಉತ್ತರ ಬರಲಿಲ್ಲ.

ಕೆಲಸದಲ್ಲಿ ಕಾಣದ್ದು ಒಂದೇ ಬಂತು. ಕಮೋಡಿನ ಹೊಲಸು ಇಳಿಯುವ ಹೊರಗಿನ ಸಾಯಿಲ್ ಪೈಪಿನ ಕಾಲರು ಬಿರುಕು ಬಿಟ್ಟಿತ್ತು. ಪೈಪು, ಸಾರವೆ, ಕೂಲಿ ಸೇರಿ 4 ಸಾವಿರದ ಸುಮಾರು. ಆರೂವರೆ ಸಾವಿರ ಕವರಿನಲ್ಲಿ ಹಾಕಿ ವಾಪಸ್ ಕೊಟ್ಟೆ. ಮೇಷ್ಟ್ರು ಎಣಿಸಿ ನೋಡಿ, ಒಳಗೆ ಹೋಗಿ ಅವರ ತಮ್ಮನ ನಂಬರ್ ತಂದುಕೊಟ್ಟರು. ಅವರ ಮನೆಯಲ್ಲಿ ಎರಡು ಬಾತ್‌ರೂಮ್.

ನಕ್ಕಿದ್ದ ಗುಂಪಿನವನೊಬ್ಬ ಕಳೆದ ವಾರ ಫೋನ್ ಮಾಡಿದ್ದ. 'ಅಣ್ಣ, ನಿಮ್ಮ ಚಿಪ್ಪಿಂಗ್ ಮಷೀನ್ ಒಂದು ಗಂಟೆ ಬೇಕಿತ್ತು, ಒಂದಡಿ ಒಡೀಬೇಕು.' ಬಾಡಿಗೆ ಇನ್ನೂರು ಅಂದೆ.