ಕಚೇರಿ ಖಾಲಿ ಮಾಡಿದ ಮೇಲೆ ಠೇವಣಿ ಕೇಳುವ ಪತ್ರ ಬರೆಯುವುದು ಹೇಗೆ?

ಸಾಮಾನು ಸಾಗಿಸಿ, ಬೀಗದ ಕೈ ಒಪ್ಪಿಸಿ ಬಂದಿದ್ದೀರಿ. ಅಡ್ವಾನ್ಸ್ ಯಾವಾಗ ಕೊಡುತ್ತೀರಿ ಎಂದು ಫೋನಿನಲ್ಲಿ ಕೇಳಿದರೆ, 'ಲೆಕ್ಕ ನೋಡಬೇಕು' ಎನ್ನುತ್ತಾರೆ ಮಾಲೀಕರು. ಆ ಲೆಕ್ಕವನ್ನು ನೀವೇ ಮೊದಲು ಬರೆದು ಕಳಿಸಿ. ತಾನು ಕೊಡಬೇಕಾದುದನ್ನು ಬಾಡಿಗೆದಾರನೇ ಒಪ್ಪಿಕೊಂಡು ಠೇವಣಿಯಿಂದ ಕಳೆದು ತೋರಿಸಿರುವ ಪತ್ರವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಬೀಗದ ಕೈ ಕೊಡುವ ದಿನ

ಪತ್ರದ ಕೆಲಸ ಶುರುವಾಗುವುದು ಅಂದೇ. ಖಾಲಿ ಕೋಣೆಗಳನ್ನು ಮಾಲೀಕರ ಜೊತೆಯಲ್ಲೇ ಒಮ್ಮೆ ಸುತ್ತಿ ನೋಡಿ. ಗೋಡೆ, ನೆಲ, ಬಾಗಿಲು, ಶೌಚಾಲಯ, ಸ್ವಿಚ್‌ಬೋರ್ಡ್ ಎಲ್ಲದರ ಫೋಟೊ ತೆಗೆಯಿರಿ. ವಿದ್ಯುತ್ ಮೀಟರಿನ ಅಂಕಿ ಓದುವಂತಿರಲಿ. ಎಷ್ಟು ಕೀಲಿ, ಯಾವ ದಿನ ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯಿರಿ. ಈ ಹಾಳೆ ಇಲ್ಲದಿದ್ದರೆ 'ಕೀಲಿ ಬಂದದ್ದೇ ಮುಂದಿನ ತಿಂಗಳು' ಎಂದು ಇನ್ನೊಂದು ತಿಂಗಳ ಬಾಡಿಗೆ ಕೇಳುವುದಕ್ಕೆ ದಾರಿಯಾಗುತ್ತದೆ. ಮಾಲೀಕರು ಬರಲೊಪ್ಪದಿದ್ದರೆ ಅಂದೇ ಫೋಟೊಗಳನ್ನು ಇಮೇಲ್ ಮಾಡಿ.

ಸವೆತವೋ, ಹಾನಿಯೋ?

ಜಗಳ ಹುಟ್ಟುವುದೇ ಇಲ್ಲಿ. ಬಳಸಿದ್ದರಿಂದ ತಾನಾಗಿ ಸವೆದದ್ದು ಬೇರೆ, ಒಡೆದು ಕೆಡಿಸಿದ್ದು ಬೇರೆ. ವರ್ಷಗಳು ಕಳೆದು ಬಣ್ಣ ಮಾಸಿದರೆ ಅದು ಸವೆತ. ಪಾರ್ಟಿಷನ್ ಕಿತ್ತಲ್ಲಿ ಗೋಡೆ ತೂತಾಗಿದ್ದರೆ ಹಾನಿ. ಸಾಮಾನ್ಯವಾಗಿ ಬಾಡಿಗೆದಾರ ಕಟ್ಟಿಕೊಡಬೇಕಾದದ್ದು ಹಾನಿಯನ್ನು ಮಾತ್ರ. ಆದರೆ ಮೊದಲು ಕರಾರು ಪತ್ರ ತೆಗೆದು ಓದಿ. ಬಿಡುವಾಗ ಪೂರ್ತಿ ಬಣ್ಣ ಹೊಡೆಸಿಕೊಡಬೇಕು ಎಂದು ಅದರಲ್ಲಿ ಬರೆದಿದ್ದು ನೀವು ಸಹಿ ಹಾಕಿದ್ದರೆ ಸವೆತದ ವಾದ ಅಲ್ಲಿ ನಿಲ್ಲುವುದು ಕಷ್ಟ.

ಒಂದು ಉದಾಹರಣೆ ನೋಡೋಣ. ತಿಂಗಳ ಬಾಡಿಗೆ 100, ಠೇವಣಿ 600 ಎಂದಿಟ್ಟುಕೊಳ್ಳಿ. ಕಚೇರಿಯಲ್ಲಿದ್ದದ್ದು 6 ವರ್ಷ. ಬಣ್ಣದ ಬಗ್ಗೆ ಕರಾರಿನಲ್ಲಿ ಏನೂ ಇಲ್ಲ. ಮಾಲೀಕರು ಬಣ್ಣಕ್ಕೆ 60, ಕಾರ್ಪೆಟ್‌ಗೆ 40, ಗಾಜಿನ ಬಾಗಿಲಿನ ಹಿಡಿಗೆ 15, ಕೊನೆಯ ವಿದ್ಯುತ್ ಬಿಲ್ಲಿಗೆ 12, ನಿರ್ವಹಣಾ ಶುಲ್ಕದ ಬಾಕಿಗೆ 5 ಎಂದು 132 ಮುರಿದುಕೊಳ್ಳುತ್ತೇವೆ ಎನ್ನುತ್ತಾರೆ.

ಒಂದೊಂದನ್ನೇ ನೋಡಿ. ವಿದ್ಯುತ್ತಿನ 12, ನಿರ್ವಹಣೆಯ 5 ನ್ಯಾಯವಾದದ್ದು, ಹಾಗೇ ಒಪ್ಪಿಕೊಳ್ಳಿ. ಬಣ್ಣ ಮಾಸಿದ್ದು ಸವೆತ. ಪಾರ್ಟಿಷನ್ ಇದ್ದ ಗೋಡೆಯ ತೂತು ಮುಚ್ಚಿ ಅಷ್ಟಕ್ಕೆ ಬಣ್ಣ ಬಳಿಯಲು ಕೆಲಸಗಾರರು 8 ಕೇಳುತ್ತಾರೆ, ಅಷ್ಟೇ ಕೊಡಿ. ಕಾರ್ಪೆಟ್ ಮೇಲೆ ಶಾಯಿ ಚೆಲ್ಲಿದ್ದು ನಿಮ್ಮದೇ ತಪ್ಪು. ಆದರೆ ನೀವು ಬಂದಾಗ ಹೊಸದಾಗಿದ್ದ ಅದು 8 ವರ್ಷ ಬಾಳುವಂಥದ್ದಾದರೆ, 6 ವರ್ಷ ಮುಗಿದು ಕಾಲುಭಾಗ ಮಾತ್ರ ಉಳಿದಿದೆ. 40ರಲ್ಲಿ ಕಾಲುಭಾಗ 10. ಹಳೆಯ ಕಾರ್ಪೆಟ್ ಕೆಡಿಸಿದವರು ಪೂರ್ತಿ ಹೊಸದನ್ನು ಕೊಡಿಸಬೇಕಿಲ್ಲ. ಬಾಗಿಲಿನ ಹಿಡಿ ನೀವು ಬರುವ ಮೊದಲೇ ಮುರಿದಿತ್ತು, ಬಂದ ದಿನದ ಪಟ್ಟಿಯಲ್ಲಿ ಹಾಗೆಂದು ಬರೆದಿದೆ. ಅದಕ್ಕೆ ಏನೂ ಇಲ್ಲ. ಒಟ್ಟು ಕಡಿತ 35, ನಿಮಗೆ ಬರಬೇಕಾದದ್ದು 565.

ಪತ್ರ

ಒಂದೇ ಪುಟ ಸಾಕು. ಇದುವರೆಗಿನ ಕಿರಿಕಿರಿಯನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ.

> ಮಾನ್ಯರೇ,
> ತಮ್ಮ ಕಟ್ಟಡದ ಮೊದಲ ಮಹಡಿಯ ಕಚೇರಿಯನ್ನು ಕರಾರಿನಂತೆ ನೋಟಿಸ್ ಕೊಟ್ಟು, ಕಳೆದ ತಿಂಗಳ ಕೊನೆಯ ದಿನ ಖಾಲಿ ಮಾಡಿ, 4 ಕೀಲಿಗಳನ್ನು ತಮಗೆ ಒಪ್ಪಿಸಿದ್ದೇವೆ. ಅಂದಿನವರೆಗಿನ ಬಾಡಿಗೆ ಪೂರ್ತಿ ಸಂದಿದೆ. ನಮ್ಮ ಠೇವಣಿ 600. ಇದರಲ್ಲಿ ವಿದ್ಯುತ್ 12, ನಿರ್ವಹಣೆ 5, ಗೋಡೆ ದುರಸ್ತಿ 8, ಕಾರ್ಪೆಟ್ 10, ಒಟ್ಟು 35 ಕಳೆಯಲು ನಮ್ಮ ಒಪ್ಪಿಗೆಯಿದೆ. ಉಳಿದ 565 ಅನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇವೆ. ಬೇರೆ ಕಡಿತವಿದ್ದಲ್ಲಿ ಅದರ ಬಿಲ್ಲಿನ ಪ್ರತಿಯೊಂದಿಗೆ ತಿಳಿಸಿ.

ಹಣ ಹಿಂದಿರುಗಿಸುವ ಗಡುವು ಕರಾರಿನಲ್ಲೇ ಇದ್ದರೆ 15 ದಿನದ ಬದಲು ಅದನ್ನೇ ಬರೆಯಿರಿ. ಫೋಟೊ, ಸಹಿಯಾದ ಹಾಳೆ, ಕೊನೆಯ ಬಿಲ್ಲು ಲಗತ್ತಿಸಿ. ತಲುಪಿದ್ದಕ್ಕೆ ಸಹಿ ಸಿಗುವ ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸಿ.

ಅರೆಬರೆ ಹಣ ಬಂದರೆ

ಮಾಲೀಕರು ತಾವು ಹೇಳಿದ 132 ಮುರಿದುಕೊಂಡೇ 468 ಕಳಿಸಿ, 'ಲೆಕ್ಕ ಪೂರ್ತಿ ಚುಕ್ತಾ' ಎಂಬ ಕಾಗದಕ್ಕೆ ಸಹಿ ಕೇಳಬಹುದು. ಸಹಿ ಹಾಕಿದರೆ ಉಳಿದ 97 ಕೇಳುವುದು ಕಷ್ಟವಾಗುತ್ತದೆ. 'ಭಾಗಶಃ ಹಣ ತಲುಪಿದೆ, 97 ಬಾಕಿಯಿದೆ' ಎಂದು ಅಂದೇ ಬರೆದು ತಿಳಿಸಿ. ಗಡುವು ದಾಟಿದರೂ ಉತ್ತರವಿಲ್ಲವಾದರೆ ಇವೇ ಕಾಗದಗಳನ್ನು ವಕೀಲರಿಗೆ ಕೊಟ್ಟು ನೋಟಿಸ್ ಕಳಿಸಿ. ಇಂಥ ಹಣ ಕೇಳಿ ದಾವೆ ಹೂಡಲು ಕಾನೂನಿನಲ್ಲಿ ಕಾಲಮಿತಿ ಇರುವುದರಿಂದ ವರ್ಷಗಟ್ಟಲೆ ಕಾಯುತ್ತ ಕೂರಬೇಡಿ.