ಮೂರು ಗಡಿಯಾರ, ಒಂದು ಟ್ರಿಪ್

ಬೈಕಂಪಾಡಿಯ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟೇಷನ್ ವಿಭಾಗ ನೋಡಿಕೊಳ್ಳುತ್ತೇನೆ. ಸಮುದ್ರ ಹತ್ತಿರ. ಬೇಸಗೆಯಿಡೀ ಉಪ್ಪಿನ ಗಾಳಿ ಬೀಸಿ ವಿದ್ಯುತ್ ಲೈನಿನ ಇನ್ಸುಲೇಟರುಗಳ ಮೇಲೆ ಪದರ ಕಟ್ಟುತ್ತದೆ. ಜೋರು ಮಳೆ ಬಂದರೆ ಅದು ತೊಳೆದುಹೋಗುತ್ತದೆ. ಆದರೆ ಮೇ ತಿಂಗಳ ಮೊದಲ ತುಂತುರು ಬಿದ್ದಾಗ ಉಪ್ಪು ಒದ್ದೆಯಾಗಿ ಅದರ ಮೇಲೆಯೇ ವಿದ್ಯುತ್ ಹರಿದು ಕಿಡಿ ಹಾರುತ್ತದೆ. ಲೈನಿನ ರಕ್ಷಣೆ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬೇರ್ಪಡಿಸುತ್ತದೆ. ನಮಗೆ ಕಾಣುವುದು ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗಿದ್ದು ಮಾತ್ರ.

ಅಂಥ ಒಂದು ರಾತ್ರಿ ಬಾಯ್ಲರ್ ಟ್ರಿಪ್ ಆಯಿತು, ಅಂದರೆ ತಾನಾಗಿ ನಿಂತುಹೋಯಿತು. ಬೆಳಿಗ್ಗೆ ನಮ್ಮ ಮುಂದೆ ಮೂರು ದಾಖಲೆಗಳಿದ್ದವು. ಕಾರ್ಖಾನೆಯನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆಯಾದ ಡಿಸಿಎಸ್‌ನ ಅಲಾರಂ ಪಟ್ಟಿಯಲ್ಲಿ 02:14:07ಕ್ಕೆ ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪ್ ಟ್ರಿಪ್, 02:14:08ಕ್ಕೆ ಪಂಪಿನ ಲ್ಯೂಬ್ ಆಯಿಲ್ ಒತ್ತಡ ಕಡಿಮೆ, ಆಮೇಲೆ ಡ್ರಮ್ಮಿನ ನೀರಿನ ಮಟ್ಟ ಕುಸಿತ. ಬರ್ನರ್ ನೋಡಿಕೊಳ್ಳುವ ಚಿಕ್ಕ ನಿಯಂತ್ರಕವಾದ ಪಿಎಲ್‌ಸಿಯಲ್ಲಿ ಬಾಯ್ಲರ್ ನಿಂತ ಮೊದಲ ಕಾರಣವಾಗಿ ಡ್ರಮ್ಮಿನ ಮಟ್ಟ ಹಿಡಿದಿಟ್ಟಿತ್ತು. ಅದು ನಿಜ, ಆದರೆ ಸರಪಳಿಯ ಕೊನೆಯ ಕೊಂಡಿ. ಪಂಪ್ ಫೀಡರಿನ ರಕ್ಷಣಾ ರಿಲೇಯಲ್ಲಿ 02:17:46ಕ್ಕೆ ವೋಲ್ಟೇಜ್ ಇಳಿದ ದಾಖಲೆಯಿತ್ತು. ಮೂರೂವರೆ ನಿಮಿಷ ತಡವಾಗಿ ಬಂದದ್ದು ಕಾರಣವಾಗುವುದು ಹೇಗೆಂದು ಎಲ್ಲರೂ ಅದನ್ನು ಬದಿಗಿಟ್ಟರು.

ಪಂಪ್ ಮೊದಲು ನಿಂತಿದೆ, ರಿಲೇ ಟ್ರಿಪ್ ಕೊಟ್ಟಿಲ್ಲ. ಹಾಗಾದರೆ ಪಂಪಿನ ವಿದ್ಯುತ್ ಕಡಿಯುವ ಬ್ರೇಕರ್ ತಾನಾಗಿ ತೆರೆದಿರಬೇಕು ಎಂಬ ತರ್ಕ ಹಿಡಿದು ಎಲೆಕ್ಟ್ರಿಕಲ್ ವಿಭಾಗದವರು ಎರಡು ದಿನ ಕೇಬಲಿನ ಇನ್ಸುಲೇಷನ್ ಅನ್ನು ಮೆಗ್ಗರಿನಿಂದ ಪರೀಕ್ಷಿಸಿದರು, ಟ್ರಿಪ್ ಸರ್ಕ್ಯೂಟಿನ ಒಂದೊಂದು ತಂತಿಯನ್ನೂ ಬಿಚ್ಚಿ ಬಿಗಿದರು. ಏನೂ ಸಿಗಲಿಲ್ಲ. "ನಿಮ್ಮ ಪಟ್ಟಿಯನ್ನು ನಂಬಿ ಕೆಟ್ಟೆವು ಮಾರಾಯರೇ" ಎಂದು ಅವರ ಹಿರಿಯರು ಹೇಳಿದಾಗ ನನಗೆ ಉತ್ತರವಿರಲಿಲ್ಲ. ಆ ಪಟ್ಟಿ ನಮ್ಮ ವಿಭಾಗದ್ದು.

ಮೂರನೆಯ ದಿನ ರಿಲೇಯ ದಾಖಲೆಯನ್ನು ಮೊದಲಿನಿಂದ ಓದಿದೆ. ಅದರಲ್ಲಿ ಅದೇ ಬ್ರೇಕರ್ ತೆರೆದದ್ದೂ ಇತ್ತು, 02:17:48ಕ್ಕೆ. ಬ್ರೇಕರ್ ತೆರೆದದ್ದು ಒಮ್ಮೆಯೇ, ಅದನ್ನು ಡಿಸಿಎಸ್ 02:14:07 ಎಂದು ಬರೆದಿದೆ. ಅಂದರೆ ರಿಲೇಯ ಗಡಿಯಾರ ಮೂರು ನಿಮಿಷ 41 ಸೆಕೆಂಡು ಮುಂದೆ ಓಡುತ್ತಿತ್ತು. ಸಾಮಾನ್ಯ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಸರಿಯುತ್ತದೆ. ನಾಲ್ಕು ತಿಂಗಳು ಯಾರೂ ಮುಟ್ಟದಿದ್ದರೆ ಇಷ್ಟಾಗುವುದು ಸಹಜ. ಆದರೆ ಒಂದೇ ಉಪಕರಣದೊಳಗಿನ ಎರಡು ಘಟನೆಗಳ ನಡುವಿನ ಅಂತರಕ್ಕೆ ಈ ತಪ್ಪು ತಟ್ಟುವುದಿಲ್ಲ. ರಿಲೇಯ ಲೆಕ್ಕದಲ್ಲೇ ವೋಲ್ಟೇಜ್ ಇಳಿದದ್ದು ಬ್ರೇಕರ್ ತೆರೆಯುವುದಕ್ಕೆ ಎರಡು ಸೆಕೆಂಡು ಮೊದಲು.

ಇಂಥ ಸಂದರ್ಭದಲ್ಲಿ ಯಾರಾದರೂ ಒಬ್ಬರು ಮೊದಲು ಮಾಡುವ ಕೆಲಸವೆಂದರೆ ತಪ್ಪಿದ ಗಡಿಯಾರವನ್ನು ಸರಿಪಡಿಸುವುದು. ದಯವಿಟ್ಟು ಮಾಡಬೇಡಿ. ಸರಿಪಡಿಸಿದ ಕ್ಷಣವೇ ಎಷ್ಟು ತಪ್ಪಿತ್ತೆಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ಈಗ ನಾವು ಟ್ರಿಪ್ ಆದ ಕೂಡಲೇ ಸ್ವಿಚ್‌ಗೇರ್ ಕೋಣೆಗೆ ಹೋಗಿ, ರಿಲೇಯ ಪರದೆ ಮತ್ತು ಸರಿಯಾದ ಸಮಯ ತೋರಿಸುವ ಇನ್ನೊಂದು ಗಡಿಯಾರ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆದಿಟ್ಟುಕೊಳ್ಳುತ್ತೇವೆ. ವಿಂಡೋಸ್ ಕಂಪ್ಯೂಟರಾದರೆ ಸಮಯವನ್ನು ಬದಲಿಸದೆ, ಸಮಯದ ಸರ್ವರಿಗೂ ಅದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅಳೆಯುವ ಆದೇಶವಿದೆ:

```
w32tm /stripchart /computer:192.168.10.5 /samples:5 /dataonly
```

ಇಷ್ಟಾದರೂ ಒಂದು ಗಂಟು ಉಳಿಯಿತು. ಎಣ್ಣೆಯ ಒತ್ತಡ ಪಂಪ್ ನಿಲ್ಲುವ ಮೊದಲು ಇಳಿಯಿತೋ, ನಂತರವೋ? ನಂತರ ಎನ್ನುತ್ತಿತ್ತು ಡಿಸಿಎಸ್. ಆದರೆ ಡಿಸಿಎಸ್ ಸಮಯ ಬರೆಯುವುದು ತನ್ನ ಸುತ್ತು ಬಂದಾಗ, ಘಟನೆ ನಡೆದಾಗ ಅಲ್ಲ. ಪಂಪಿನ ಸ್ಥಿತಿಯನ್ನು 100 ಮಿಲಿಸೆಕೆಂಡಿಗೊಮ್ಮೆ ನೋಡುವಂತೆ, ಎಣ್ಣೆಯ ಒತ್ತಡವನ್ನು ಸೆಕೆಂಡಿಗೊಮ್ಮೆ ನೋಡುವಂತೆ ನಾವೇ ಜೋಡಿಸಿದ್ದೆವು. ಎಣ್ಣೆಯ ಒತ್ತಡ ಇಳಿದರೆ ಪ್ರೆಷರ್ ಸ್ವಿಚ್ ಡಿಸಿಎಸ್‌ನ ಮೂಲಕ ಹಾದುಹೋಗದೆ ನೇರ ತಂತಿಯಿಂದ ಬ್ರೇಕರನ್ನು ತೆರೆಯುತ್ತದೆ, ಡಿಸಿಎಸ್‌ಗೆ ಸಿಗುವುದು ಅದರ ಪ್ರತಿ ಮಾತ್ರ. ಹೀಗಿರುವಾಗ ಮೊದಲು ನಡೆದದ್ದು ಪಟ್ಟಿಯಲ್ಲಿ ಎರಡನೆಯದಾಗಿ ಬೀಳುವುದು ಬಹಳ ಸುಲಭ. ಲೆಕ್ಕದಿಂದ ಅನುಮಾನ ಹುಟ್ಟಿತು, ಪುರಾವೆ ಸಿಗಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಒಂದು ಜಿಪಿಎಸ್ ಗಡಿಯಾರ ಮತ್ತು ಡಿಸಿಎಸ್‌ಗೆ ಘಟನೆಗಳ ಕ್ರಮವನ್ನು ದಾಖಲಿಸುವ 32 ಬಿಂದುಗಳ ಒಂದು ಎಸ್‌ಒಇ ಕಾರ್ಡ್ ತರಿಸಿದೆವು. ಈ ಕಾರ್ಡಿನ ವಿಶೇಷವೆಂದರೆ ಸಮಯವನ್ನು ಕಂಟ್ರೋಲರ್ ಅಲ್ಲ, ಕಾರ್ಡೇ ಬರೆಯುತ್ತದೆ, ಒಂದು ಮಿಲಿಸೆಕೆಂಡಿನ ಮಟ್ಟಕ್ಕೆ. ಡಿಸಿಎಸ್ ಮತ್ತು ಪಿಎಲ್‌ಸಿಗೆ ನೆಟ್‌ವರ್ಕ್ ಮೂಲಕ ಸಮಯ ತಿಳಿಸುವ ಎನ್‌ಟಿಪಿ, ಕಾರ್ಡಿಗೂ ರಿಲೇಗಳಿಗೂ ಪ್ರತ್ಯೇಕ ತಂತಿಯಲ್ಲಿ ಇರಿಗ್-ಬಿ ಎಂಬ ಸಮಯ ಸಂಕೇತ ಕೊಟ್ಟೆವು. 32 ಬಿಂದುಗಳನ್ನು ಆರಿಸುವಾಗ ಸಂಪರ್ಕವನ್ನು ಮೂಲದಿಂದಲೇ ಎಳೆಯಬೇಕೆಂದು ಹಟ ಹಿಡಿದೆ. ನಡುವೆ ಒಂದು ಸಹಾಯಕ ರಿಲೇ ಬಂದರೆ ಸುಮಾರು ಹತ್ತು ಮಿಲಿಸೆಕೆಂಡು ಅಲ್ಲೇ ಕಳೆಯುತ್ತದೆ. ಅದುವರೆಗೆ ಎಲ್ಲಿಯೂ ದಾಖಲಾಗದಿದ್ದ ಎಣ್ಣೆ ಪಂಪಿನ ಮೋಟಾರಿಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಸ್ಥಿತಿಯನ್ನೂ ಸೇರಿಸಿದೆ. ಮೊದಲ ಟ್ರಿಪ್‌ನ ರಾತ್ರಿ ಸುತ್ತು ಹೋಗಿದ್ದ ಆಪರೇಟರ್ ಆ ಪಂಪ್ ನಿಂತಿದ್ದನ್ನು ನೋಡಿದ್ದರು. ಟ್ರಿಪ್ ಆದ ಮೇಲೆ ನಿಂತಿರಬೇಕೆಂದು ಭಾವಿಸಿ ಹೇಳಿರಲಿಲ್ಲ.

ಜೋಡಿಸಿದ ದಿನ ಒಂದು ರಿಲೇ ಸರಿಯಾಗಿ ಐದೂವರೆ ಗಂಟೆ ಮುಂದೆ ತೋರಿಸಿತು. ಜಿಪಿಎಸ್ ಗಡಿಯಾರ ಭಾರತೀಯ ಸಮಯವನ್ನೇ ಕಳಿಸುತ್ತಿತ್ತು, ರಿಲೇ ಅದಕ್ಕೆ ಮತ್ತೊಮ್ಮೆ ಐದೂವರೆ ಗಂಟೆ ಕೂಡಿಸಿಕೊಂಡಿತ್ತು. ಅಂಥ ತಪ್ಪು ಕಣ್ಣಿಗೆ ಬೀಳುತ್ತದೆ. ಬೀಳದ ತಪ್ಪುಗಳನ್ನು ಹಿಡಿಯಲು ಒಂದು ಪರೀಕ್ಷೆ ಮಾಡಿದೆವು. ಹಲವು ಸಂಪರ್ಕಗಳಿರುವ ಒಂದು ವೇಗದ ರಿಲೇ ತಂದು ಒಂದನ್ನು ಎಸ್‌ಒಇ ಕಾರ್ಡಿಗೆ, ಇನ್ನೊಂದನ್ನು ರಕ್ಷಣಾ ರಿಲೇಯ ಇನ್‌ಪುಟ್‌ಗೆ ಕಟ್ಟಿ ಗುಂಡಿ ಒತ್ತಿದೆವು. ಕಾರ್ಡ್ 11:32:10.114 ಎಂದಿತು, ರಿಲೇ 11:32:10.135 ಎಂದಿತು. ಗಡಿಯಾರಗಳು ಸರಿಯಾಗಿಯೇ ಇದ್ದವು. ಸಂಪರ್ಕ ಅದುರುವುದನ್ನು ಘಟನೆಯೆಂದು ತಿಳಿಯಬಾರದೆಂದು ರಿಲೇಯ ಇನ್‌ಪುಟ್ 20 ಮಿಲಿಸೆಕೆಂಡು ಕಾದು, ಕಾದು ಮುಗಿದ ಹೊತ್ತನ್ನು ಬರೆಯುತ್ತಿತ್ತು. ಆ ಕಾಯುವಿಕೆಯನ್ನು ತೆಗೆಯಲಿಲ್ಲ, ತೆಗೆದರೆ ಉದ್ದದ ಕೇಬಲುಗಳಲ್ಲಿ ಹುಟ್ಟುವ ಸುಳ್ಳು ಸಂಕೇತಗಳೆಲ್ಲ ಒಳಗೆ ಬರುತ್ತವೆ. ಯಾವ ಇನ್‌ಪುಟ್ ಎಷ್ಟು ತಡ ಎಂದು ಬರೆದು ಫಲಕದ ಬಾಗಿಲ ಒಳಬದಿಗೆ ಅಂಟಿಸಿದೆವು.

ಚಾವಣಿಯ ಮೇಲಿನ ಆಂಟೆನಾ ಬೇರೆಯೇ ಪಾಠ ಕಲಿಸಿತು. ಮೊದಲ ವರ್ಷ ಕನೆಕ್ಟರಿಗೆ ಸಾಮಾನ್ಯ ಟೇಪ್ ಸುತ್ತಿದ್ದೆವು. ಆಗಸ್ಟ್‌ನಲ್ಲಿ ಬಿಚ್ಚಿ ನೋಡಿದರೆ ಒಳಗೆಲ್ಲ ಹಸಿರು ಪುಡಿ, ಒರೆಸಿದರೆ ಬೆರಳಿಗೆ ಹತ್ತುವಷ್ಟು. ಉಪಗ್ರಹದ ಸಂಕೇತ ನಿಂತು ಗಡಿಯಾರ ತನ್ನ ಸ್ಫಟಿಕದ ಮೇಲೆಯೇ ಓಡುತ್ತಿತ್ತು, ಪರದೆಯ ಮೇಲೆ ಎಲ್ಲವೂ ಎಂದಿನಂತೆಯೇ ಕಾಣುತ್ತಿತ್ತು. ಈಗ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತುತ್ತೇವೆ. ಸಂಕೇತ ತಪ್ಪಿದರೆ ಮುಚ್ಚಿಕೊಳ್ಳುವ ಗಡಿಯಾರದ ಸಂಪರ್ಕವನ್ನು ಡಿಸಿಎಸ್‌ನಲ್ಲಿ ಅಲಾರಂ ಆಗಿ ತಂದಿದ್ದೇವೆ.

ಮರುವರ್ಷದ ಮೇ ತಿಂಗಳಲ್ಲಿ, ರಾತ್ರಿ ಊಟದ ಹೊತ್ತಿಗೆ ಮೊದಲ ತುಂತುರು ಬಿತ್ತು. ಫೀಡ್ ಪಂಪ್ ನಿಂತಿತು. ಈ ಬಾರಿ ಕಾರ್ಡ್ ಮತ್ತು ರಿಲೇಯ ದಾಖಲೆಗಳನ್ನು ಒಟ್ಟು ಸೇರಿಸಿದಾಗ ಸಿಕ್ಕಿದ್ದು ಇದು:

```
21:47:12.334  ಎಣ್ಣೆ ಪಂಪ್ ಕಾಂಟ್ಯಾಕ್ಟರ್ ಬಿಟ್ಟಿತು
21:47:12.341  ವೋಲ್ಟೇಜ್ ಕಡಿಮೆ, ಆರಂಭ (ರಿಲೇ)
21:47:12.468  ವೋಲ್ಟೇಜ್ ಕಡಿಮೆ, ಮುಕ್ತಾಯ (ರಿಲೇ)
21:47:14.205  ಎಣ್ಣೆ ಒತ್ತಡ ಕಡಿಮೆ
21:47:14.271  ಫೀಡ್ ಪಂಪ್ ಬ್ರೇಕರ್ ತೆರೆಯಿತು
```

ಒತ್ತಡ ಇಳಿದದ್ದು ಬ್ರೇಕರ್ ತೆರೆಯುವ 66 ಮಿಲಿಸೆಕೆಂಡು ಮೊದಲು. ಸಹಾಯಕ ರಿಲೇಗೆ ಹತ್ತು, ಬ್ರೇಕರಿನ ಯಂತ್ರಕ್ಕೆ ಐವತ್ತು ಚಿಲ್ಲರೆ ಎಂದು ಹಿಡಿದರೆ ಲೆಕ್ಕ ಕೂಡುತ್ತದೆ. ಒಂದು ವರ್ಷದ ಜಗಳ ಆ ಎರಡು ಸಾಲುಗಳಲ್ಲಿ ತೀರಿತು.

ಆದರೆ ಮೊದಲ ಎರಡು ಸಾಲುಗಳನ್ನು ನೋಡಿ. ಕಾಂಟ್ಯಾಕ್ಟರ್ ವೋಲ್ಟೇಜಿಗಿಂತ ಏಳು ಮಿಲಿಸೆಕೆಂಡು ಮೊದಲೇ ಬಿಟ್ಟಿದೆ. "ಕಾಂಟ್ಯಾಕ್ಟರಿನದೇ ದೋಷ, ಬದಲಾಯಿಸಿ" ಎಂದು ಒಬ್ಬರು ಸ್ಟೋರ್‌ಗೆ ಚೀಟಿಯನ್ನೂ ಬರೆದರು. ನಾನು ತಡೆದೆ. ವೋಲ್ಟೇಜ್ ಇಳಿದಿದೆಯೆಂದು ಹೇಳಲು ರಿಲೇಗೆ ಒಂದು ಆವರ್ತಕ್ಕಿಂತ ತುಸು ಹೆಚ್ಚು ಸಮಯ, ಅಂದರೆ ಇಪ್ಪತ್ತು ಮೂವತ್ತು ಮಿಲಿಸೆಕೆಂಡು ಅಳೆಯಬೇಕಾಗುತ್ತದೆ. ಅದು ಬರೆಯುವುದು ತಾನು ತೀರ್ಮಾನಕ್ಕೆ ಬಂದ ಹೊತ್ತನ್ನು. ಅದೇ ರಿಲೇಯಲ್ಲಿ ಅಲೆಯ ಚಿತ್ರವೂ ಉಳಿದಿರುತ್ತದೆ. ತೆಗೆದು ನೋಡಿದೆವು: ವೋಲ್ಟೇಜಿನ ಅಲೆ ಕುಗ್ಗಿದ್ದು .312ಕ್ಕೆ, ಕಾಂಟ್ಯಾಕ್ಟರ್ ಬಿಡುವ 22 ಮಿಲಿಸೆಕೆಂಡು ಮೊದಲು. ಎರಡು ಬೇರೆ ಬಗೆಯ ಉಪಕರಣಗಳ ಸಾಲುಗಳ ನಡುವೆ ಮೂವತ್ತು ಮಿಲಿಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ, ಗಡಿಯಾರ ಎಷ್ಟೇ ಸರಿಯಿದ್ದರೂ, ಸಾಲುಗಳ ಕ್ರಮವನ್ನು ನಾನು ನಂಬುವುದಿಲ್ಲ. ಅಲೆಯ ಚಿತ್ರವನ್ನು ಕೇಳುತ್ತೇನೆ.

ಆಮೇಲೆ ಕಥೆ ನೇರವಾಯಿತು. ನಮ್ಮ ಫೀಡ್ ಪಂಪಿಗೆ ಶಾಫ್ಟಿನಿಂದ ತಿರುಗುವ ಎಣ್ಣೆ ಪಂಪ್ ಇಲ್ಲ, ಬೇರೆಯೇ ಒಂದು 415 ವೋಲ್ಟ್ ಮೋಟಾರ್ ಇದೆ. ಅದರ ಕಾಂಟ್ಯಾಕ್ಟರಿನ ಕಾಯಿಲ್‌ಗೆ, ಮೋಟಾರಿಗೆ ವಿದ್ಯುತ್ ಹಂಚುವ ಅದೇ ಬಸ್‌ನಿಂದ ವಿದ್ಯುತ್. ವೋಲ್ಟೇಜ್ ಕುಗ್ಗಿದಾಗ ಕಾಯಿಲ್ ಬಿಟ್ಟಿತು, ವೋಲ್ಟೇಜ್ ಮರಳಿದರೂ ಗುಂಡಿ ಒತ್ತದೆ ಮತ್ತೆ ಹಿಡಿಯಲಿಲ್ಲ, ಪೈಪಿನಲ್ಲಿದ್ದ ಒತ್ತಡ ಎರಡು ಸೆಕೆಂಡು ತಾಳಿ ಇಳಿಯಿತು. ಬದಲಿ ಫೀಡ್ ಪಂಪಿನ ಎಣ್ಣೆ ಪಂಪ್ ಕೂಡ ಅದೇ ಬಸ್ಸಿನಲ್ಲಿತ್ತು. ಅದಕ್ಕೂ ಎಣ್ಣೆಯ ಒತ್ತಡ ಇಲ್ಲವಾಗಿ ಅದು ಶುರುವಾಗಲು ಒಪ್ಪಲಿಲ್ಲ.

ಎರಡೂ ಕಾಯಿಲ್‌ಗಳನ್ನು ಯುಪಿಎಸ್‌ಗೆ ಬದಲಾಯಿಸಿದೆವು. ಅಷ್ಟಕ್ಕೇ ಬಿಟ್ಟರೆ ಅಪಾಯ: ವಿದ್ಯುತ್ ಪೂರ್ತಿ ಹೋದರೂ ಕಾಂಟ್ಯಾಕ್ಟರ್ ಹಿಡಿದೇ ಇರುತ್ತದೆ, ವಿದ್ಯುತ್ ಮರಳಿದ ಕ್ಷಣ ಯಾರೂ ನಿರೀಕ್ಷಿಸದೆ ಮೋಟಾರ್ ತಿರುಗುತ್ತದೆ. ಆದ್ದರಿಂದ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ವೋಲ್ಟೇಜ್ ಇಲ್ಲದಿದ್ದರೆ ಕಾಯಿಲ್ ಬಿಡುವಂತೆ ಟೈಮರ್ ಹಾಕಿದೆವು.

ಆ ಅಕ್ಟೋಬರಿನಲ್ಲಿ ಗುಡುಗು ಮಳೆಯ ಸಂಜೆ ಕಂಟ್ರೋಲ್ ರೂಮಿನ ದೀಪ ಮಂಕಾಗಿ ಬೆಳಗಿತು. ಪಾಳಿಯಲ್ಲಿದ್ದ ಹುಡುಗ ಫೋನ್ ಮಾಡಿ, "ಸರ್, ಎರಡೇ ಸಾಲು ಬಂದಿದೆ" ಎಂದ. ವೋಲ್ಟೇಜ್ ಕಡಿಮೆ, ಆರಂಭ. ವೋಲ್ಟೇಜ್ ಕಡಿಮೆ, ಮುಕ್ತಾಯ. ಫೀಡ್ ಪಂಪ್ ತಿರುಗುತ್ತಲೇ ಇತ್ತು.