ಎಸ್‌ಒಎಚ್ 88% ಅಂತ ಕಂಡರೆ ಗಾಬರಿ ಬೇಡ, ಒಮ್ಮೆ ಅಳೆದು ನೋಡಿ

ಎಸ್‌ಒಎಚ್ ಅಂದರೆ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಹೊಸದರ ಸಾಮರ್ಥ್ಯದ ಎಷ್ಟು ಭಾಗ ಈಗ ಉಳಿದಿದೆ ಅನ್ನುವ ಲೆಕ್ಕ. ಕಾರಿನ ಒಬಿಡಿ ಪೋರ್ಟ್‌ನಿಂದ ಮಾಹಿತಿ ಓದುವ ಆ್ಯಪ್‌ನಲ್ಲಿ ಕಾಣುವ SOH ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಹಾಕಿದ ಅಂದಾಜು, ಅಳತೆಯಲ್ಲ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ತುಂಬಾ ದಿನ ಫುಲ್ ಚಾರ್ಜ್ ಮಾಡದಿದ್ದರೆ ಈ ಅಂದಾಜು ಜಾಸ್ತಿ ತಪ್ಪುತ್ತದೆ. ಹಾಗಾಗಿ ಮೊದಲು ಒಮ್ಮೆ 100% ತುಂಬಿಸಿ.

ಆಮೇಲೆ ಚಾರ್ಜ್ 90%ಗೆ ಇಳಿದಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ, ನಡುವೆ ಎಲ್ಲೂ ನಿಲ್ಲಿಸಿಡದೆ ಒಂದೇ ಓಟದಲ್ಲಿ 30%ಗೆ ಇಳಿಸಿ. ಕಾರು 21 ಯೂನಿಟ್ ಖರ್ಚು ತೋರಿಸಿತು ಅಂದುಕೊಳ್ಳಿ. ಇಳಿದದ್ದು 60%, ಹಾಗಾಗಿ ಪೂರ್ತಿ ಬ್ಯಾಟರಿಗೆ 21 ÷ 0.6 = 35 ಯೂನಿಟ್. ಹೊಸದರಲ್ಲಿ ಬಳಕೆಗೆ ಸಿಗುತ್ತಿದ್ದದ್ದು 40 ಆದರೆ, ಈಗ ಉಳಿದಿರುವುದು ಸುಮಾರು 88%. ಚಾರ್ಜರ್ ಮೀಟರ್‌ನ ಯೂನಿಟ್ ಮಾತ್ರ ಹಿಡಿಯಬೇಡಿ, ಅದರಲ್ಲಿ ಚಾರ್ಜಿಂಗ್ ನಷ್ಟವೂ ಸೇರಿರುತ್ತದೆ.

ಕಾರು ಈಗಲೂ 100% ಅಂತಲೇ ತೋರಿಸುತ್ತದೆ, ಆದರೆ ಒಂದೊಂದು ಪರ್ಸೆಂಟ್ ಚಿಕ್ಕದಾಗಿರುತ್ತದೆ. ಮೊದಲು 300 ಕಿ.ಮೀ. ಓಡುತ್ತಿದ್ದದ್ದು ಈಗ ಸುಮಾರು 260. ಮೈಲೇಜ್ ಕೆಟ್ಟಿಲ್ಲ, ಟ್ಯಾಂಕ್ ಚಿಕ್ಕದಾಗಿದೆ ಅಷ್ಟೇ. ಚಳಿಯಲ್ಲಿ ಅಳೆದರೆ ಇನ್ನೂ ಕಡಿಮೆ ಬರುತ್ತದೆ, ಅದು ಬ್ಯಾಟರಿ ಸವೆತವಲ್ಲ.